ರಜೆ ಅರ್ಜಿಯನ್ನು ಇಂಗ್ಲಿಷಿಗೆ ತರುವಾಗ ನಾನು ಕೊನೆಯಿಂದ ಓದುತ್ತೇನೆ

ಕೆಲಸದ ಜಾಗದಲ್ಲಿ ಯಾರಾದರೂ ಕನ್ನಡದಲ್ಲಿ ರಜೆ ಅರ್ಜಿ ಬರೆದು, "ಇದನ್ನ ಸ್ವಲ್ಪ ಇಂಗ್ಲಿಷ್ ಮಾಡಿಕೊಡಿ, ಮೇಲಿನವರಿಗೆ ಕನ್ನಡ ಬರಲ್ಲ" ಅಂತ ಕೇಳಿದರೆ, ಆ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೆ ಬರುತ್ತದೆ. ಒಂದೇ ಪ್ಯಾರಾ ಇರುತ್ತದೆ. ಎಷ್ಟೋ ಸಲ ಆ ಪ್ಯಾರಾ ಪೂರ್ತಿ ಒಂದೇ ವಾಕ್ಯ ಆಗಿರುತ್ತದೆ. ಕಷ್ಟ ಇರುವುದೇ ಅಲ್ಲಿ.

ಒಂದು ಅರ್ಜಿ ಹೀಗಿತ್ತು:

"ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ, ನಮ್ಮ ತಾಯಿಯವರಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಬೇಕೆಂದು ಡಾಕ್ಟರು ಹೇಳಿದ್ದು, ಬರುವ ಬುಧವಾರ ಆಸ್ಪತ್ರೆಗೆ ಸೇರಿಸಬೇಕಾಗಿರುವುದರಿಂದ ಹಾಗೂ ಮನೆಯಲ್ಲಿ ನನ್ನನ್ನು ಬಿಟ್ಟರೆ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲದಿರುವುದರಿಂದ, ದಿನಾಂಕ 11/06/2025ರಿಂದ 13/06/2025ರವರೆಗೆ ಮೂರು ದಿನ ರಜೆ ಮಂಜೂರು ಮಾಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ."

ಕನ್ನಡದಲ್ಲಿ ಇದು ಒಳ್ಳೆಯ ಅರ್ಜಿ. ಮೊದಲು ಕಾರಣ, ಆಮೇಲೆ ಕೋರಿಕೆ, ಎಲ್ಲಕ್ಕಿಂತ ಕೊನೆಗೆ ಕ್ರಿಯಾಪದ. ಓದುವವರು ಕಾರಣಗಳನ್ನೆಲ್ಲ ದಾಟಿಕೊಂಡು ಕೋರಿಕೆಗೆ ಬರುವ ಹೊತ್ತಿಗೆ ಅವರ ಮನಸ್ಸು ಅರ್ಧ ಕರಗಿರುತ್ತದೆ. ಇಂಗ್ಲಿಷಿನ ಆಫೀಸ್ ಪತ್ರ ಹೀಗೆ ನಡೆಯುವುದಿಲ್ಲ. ಅಲ್ಲಿ ಓದುವವರು ಮೊದಲ ಸಾಲಲ್ಲೇ ಹುಡುಕುವುದು ಏನು ಬೇಕು, ಎಷ್ಟು ದಿನ, ಯಾವಾಗಿಂದ ಅನ್ನುವುದನ್ನು. ಅದಕ್ಕೇ ನಾನು ಅರ್ಜಿ ಕೈಗೆ ಬಂದ ಕೂಡಲೇ ಕೊನೆಯ ಕ್ರಿಯಾಪದಕ್ಕೆ ಹೋಗುತ್ತೇನೆ. "ಕೇಳಿಕೊಳ್ಳುತ್ತೇನೆ", ಅದರ ಹಿಂದೆ "ರಜೆ ಮಂಜೂರು", ಅದರ ಹಿಂದೆ ದಿನಾಂಕಗಳು. ಇಷ್ಟು ಸೇರಿದರೆ ಇಂಗ್ಲಿಷಿನ ಮೊದಲ ವಾಕ್ಯ. "ಹೇಳಿದ್ದು", "ಇರುವುದರಿಂದ" ಅಂತ ಕೊಂಡಿ ಹಾಕಿಕೊಂಡು ಬಂದ ಒಂದೊಂದು ತುಂಡೂ ಆಮೇಲೆ ಒಂದೊಂದು ಪುಟ್ಟ ವಾಕ್ಯ ಆಗುತ್ತದೆ. ಇದ್ದ ಕ್ರಮದಲ್ಲೇ ಅನುವಾದ ಮಾಡಿದರೆ "ಆ್ಯಸ್", "ಸಿನ್ಸ್", "ಅಂಡ್ ಆಲ್ಸೋ" ಅಂತ ಎಳೆಯುತ್ತಾ ಹೋಗಿ, ಎಲ್ಲೋ ಐದನೇ ಸಾಲಲ್ಲಿ ರಜೆಯ ಮಾತು ಬರುತ್ತದೆ.

"ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅನ್ನುವುದನ್ನು ಪೂರ್ತಿ ಬಿಟ್ಟುಬಿಡುತ್ತೇನೆ. ವಿಷಯ ಅಂತ ಮೇಲೆ ಒಂದು ಸಾಲು ಇರುತ್ತದೆ, ಅಷ್ಟು ಸಾಕು.

ಮುಂದಿನದು ದಿನಾಂಕ. ಇಲ್ಲಿ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಳ್ಳುತ್ತೇನೆ. 11/06/2025 ಅಂದರೆ ನಮಗೆ ಜೂನ್ 11. ತಿಂಗಳನ್ನು ಮೊದಲು ಬರೆದು ರೂಢಿಯಿರುವ ಅಮೆರಿಕದ ಆಫೀಸಿನಲ್ಲಿ ಅದೇ ನವೆಂಬರ್ 6. ಆದ್ದರಿಂದ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯುತ್ತೇನೆ, ಜೊತೆಗೆ ವಾರ ಸೇರಿಸುತ್ತೇನೆ. ವಾರ, ತಾರೀಕು ಎರಡೂ ಇದ್ದರೆ ಒಂದು ತಪ್ಪಿದ್ದರೂ ಇನ್ನೊಂದು ಹಿಡಿದುಕೊಡುತ್ತದೆ. "ಬರುವ ಬುಧವಾರ" ಅಂತ ಮಾತ್ರ ಬಿಡುವ ಹಾಗಿಲ್ಲ. ಅರ್ಜಿ ಎರಡು ದಿನ ಯಾರದೋ ಮೇಜಿನ ಮೇಲೆ ಕೂತರೆ ಅದು ಯಾವ ಬುಧವಾರ ಅಂತ ಯಾರಿಗೆ ಗೊತ್ತು? ಇನ್ನು "13ರವರೆಗೆ" ಅಂದಾಗ 13 ಸೇರಿತೋ ಇಲ್ಲವೋ ಅನ್ನುವ ಅನುಮಾನ ಬರಬಾರದು. "ಬೋತ್ ಡೇಸ್ ಇನ್‌ಕ್ಲೂಸಿವ್" ಅಂತ ಸೇರಿಸಿದರೆ ಲೆಕ್ಕ ಮೂರೇ ದಿನಕ್ಕೆ ಕೂರುತ್ತದೆ.

ಅರ್ಜಿಯಲ್ಲಿ ಇಲ್ಲದ ಎರಡು ವಿಷಯಗಳನ್ನು ನಾನು ಕೇಳಿ ತಿಳಿದುಕೊಂಡೆ. ಒಂದು, ಯಾವ ರಜೆ? ಸಾಂದರ್ಭಿಕವೋ, ಗಳಿಕೆ ರಜೆಯೋ? ಇದನ್ನು ನಾನೇ ಊಹಿಸಿ ಬರೆದುಬಿಟ್ಟರೆ ಅವರ ಖಾತೆಯಿಂದ ಬೇರೆ ರಜೆ ಕಡಿತ ಆಗಬಹುದು. ಅವರು "ಸಿಎಲ್ ಬರೀರಿ ಸರ್" ಅಂದರು. ಇನ್ನೊಂದು, ವಾಪಸ್ ಯಾವಾಗ? 13 ಶುಕ್ರವಾರ. ಅವರಿಗೆ ಶನಿವಾರ, ಭಾನುವಾರ ಹೇಗೂ ರಜೆ. ಹಾಗಾಗಿ ಕೆಲಸಕ್ಕೆ ಬರುವುದು 16, ಸೋಮವಾರ. ಅದನ್ನು ಬರೆದರೆ, ಮೇಲಿನವರು ಕ್ಯಾಲೆಂಡರ್ ತೆಗೆಯುವ ಕೆಲಸ ತಪ್ಪುತ್ತದೆ. ಹೀಗೆ ಸೇರಿಸುವುದೆಲ್ಲ ಅರ್ಜಿದಾರರ ಬಾಯಿಂದಲೇ ಬರಬೇಕು. ಸಹಿ ಅವರದು ಅಲ್ವಾ?

ತಾಯಿಯ ಸಾಲಿನಲ್ಲಿ ಮೂರು ಕಡೆ ಕಾಲು ಜಾರುತ್ತದೆ. "ನಮ್ಮ ತಾಯಿ" ಅನ್ನುವುದು ಇಂಗ್ಲಿಷಿನಲ್ಲಿ "ಮೈ ಮದರ್" ಆಗಬೇಕು. "ಅವರ್ ಮದರ್" ಅಂದರೆ ಓದುವವರು ಅಣ್ಣತಮ್ಮಂದಿರೂ ಇದ್ದಾರೆ ಅಂದುಕೊಳ್ಳುತ್ತಾರೆ. ಮುಂದಿನ ಸಾಲಲ್ಲೇ "ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ" ಅಂತಿದೆ. ಎರಡೂ ಒಟ್ಟಿಗೆ ಕೂರುವುದಿಲ್ಲ! "ತಾಯಿಯವರಿಗೆ" ಅನ್ನುವ ಗೌರವದ ಬಹುವಚನಕ್ಕೆ "ದೆಮ್" ಅಂತ ಬರೆದವರನ್ನೂ ನೋಡಿದ್ದೇನೆ. ಅಲ್ಲಿ "ಹರ್" ಸಾಕು, ಇಂಗ್ಲಿಷಿನಲ್ಲಿ ಅದರಿಂದ ಗೌರವವೇನೂ ಕಡಿಮೆಯಾಗುವುದಿಲ್ಲ. ಮೂರನೆಯದು "ಆಪರೇಷನ್ ಮಾಡಿಸಬೇಕು". "ಐ ಹ್ಯಾವ್ ಟು ಡೂ ಆಪರೇಷನ್" ಅಂತ ಬರೆದರೆ ಕತ್ತರಿ ಅರ್ಜಿದಾರರ ಕೈಯಲ್ಲೇ ಇದ್ದ ಹಾಗೆ. "ಮಾಡಿಸು" ಅನ್ನುವುದರ ಬದಲು ತಾಯಿಯನ್ನೇ ಕರ್ತೃ ಮಾಡಿ "ಅಂಡರ್‌ಗೋ ಸರ್ಜರಿ" ಅಂದರೆ ಸರಿಹೋಗುತ್ತದೆ.

"ಕೈಮುಗಿದು" ಅನ್ನುವುದಕ್ಕೆ ಸಮನಾದ ಮಾತು ಹುಡುಕಬಾರದು ಅಂತ ನನ್ನ ಅಭಿಪ್ರಾಯ. "ವಿತ್ ಫೋಲ್ಡೆಡ್ ಹ್ಯಾಂಡ್ಸ್" ಅಂದರೆ ಆ ಆಫೀಸಿನಲ್ಲಿ ನಗಬಹುದು, ಇಲ್ಲ ಮುಜುಗರಪಡಬಹುದು. ಹಾಗಂತ ಆ ವಿನಯವನ್ನು ಕಿತ್ತುಹಾಕುವುದೂ ಸರಿಯಲ್ಲ. ಕೊನೆಗೆ "ಐ ವುಡ್ ಬಿ ಗ್ರೇಟ್‌ಫುಲ್" ಅಂತ ಒಂದು ಸಾಲು ಆ ಭಾರ ಹೊರುತ್ತದೆ. "ಡೂ ದಿ ನೀಡ್‌ಫುಲ್" ನಮ್ಮಲ್ಲಿ ಧಾರಾಳವಾಗಿ ಓಡುತ್ತದೆ, ಆದರೆ ಏನು ಮಾಡಬೇಕು ಅಂತ ಅದು ಹೇಳುವುದೇ ಇಲ್ಲ.

ಕೊನೆಗೆ ತಯಾರಾದದ್ದನ್ನು ಓದಿದಂತೆಯೇ ಕೊಡುತ್ತೇನೆ:

"ಡಿಯರ್ ಸರ್, ಐ ರಿಕ್ವೆಸ್ಟ್ ತ್ರೀ ಡೇಸ್ ಆಫ್ ಕ್ಯಾಶುಯಲ್ ಲೀವ್ ಫ್ರಮ್ ವೆಡ್ನೆಸ್‌ಡೇ, 11 ಜೂನ್ 2025, ಟು ಫ್ರೈಡೇ, 13 ಜೂನ್ 2025, ಬೋತ್ ಡೇಸ್ ಇನ್‌ಕ್ಲೂಸಿವ್. ಮೈ ಮದರ್ ಹ್ಯಾಸ್ ಬೀನ್ ಅಡ್ವೈಸ್ಡ್ ಟು ಅಂಡರ್‌ಗೋ ಕ್ಯಾಟರಾಕ್ಟ್ ಸರ್ಜರಿ ಅಂಡ್ ವಿಲ್ ಬಿ ಅಡ್ಮಿಟೆಡ್ ಟು ಹಾಸ್ಪಿಟಲ್ ಆನ್ 11 ಜೂನ್. ದೇರ್ ಈಸ್ ನೋ ಒನ್ ಎಲ್ಸ್ ಅಟ್ ಹೋಮ್ ಟು ಕೇರ್ ಫಾರ್ ಹರ್. ಐ ವಿಲ್ ರಿಪೋರ್ಟ್ ಫಾರ್ ವರ್ಕ್ ಆನ್ ಮಂಡೇ, 16 ಜೂನ್. ಐ ವುಡ್ ಬಿ ಗ್ರೇಟ್‌ಫುಲ್ ಫಾರ್ ಯುವರ್ ಅಪ್ರೂವಲ್."

"ಡಾಕ್ಟರು ಹೇಳಿದ್ದು" ಅನ್ನುವುದು "ಅಡ್ವೈಸ್ಡ್" ಒಳಗೇ ಅಡಗಿತು. ಯಾವ ಆಸ್ಪತ್ರೆ, ಯಾವ ಕಣ್ಣು ಅಂತ ಕನ್ನಡದಲ್ಲಿ ಇರಲಿಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಅರ್ಜಿಗೆ ತೂಕ ಬರಲಿ ಅಂತ ಸುಮ್ನೆ "ಅರ್ಜೆಂಟ್", "ಸೀರಿಯಸ್" ಅಂತ ಸೇರಿಸುವ ಚಪಲ ಕೆಲವರಿಗಿದೆ. ನಾಳೆ ಆಸ್ಪತ್ರೆಯ ಚೀಟಿ ಕೇಳಿದಾಗ ಅದರಲ್ಲಿ ಬೇರೆ ಇದ್ದರೆ ಉತ್ತರ ಕೊಡಬೇಕಾದವರು ಅರ್ಜಿದಾರರು.

ಸಹಿಗೆ ಮುಂಚೆ ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತೇನೆ. ಆ ಹೊತ್ತಿನಲ್ಲಿ ಮೂಲ ಅರ್ಜಿಯನ್ನು ನೋಡುವುದಿಲ್ಲ, ನೋಡಿದರೆ ಬಾಯಿಗೆ ಹಳೆಯ ಮಾತೇ ಬಂದು ತಪ್ಪು ಮುಚ್ಚಿಹೋಗುತ್ತದೆ. ಇವರ ಅರ್ಜಿ ಓದುವಾಗ "ಯಾರೂ ಇಲ್ಲ" ಅನ್ನುವಲ್ಲಿ ಅವರು ತಡೆದರು. "ತಂಗಿ ಇದ್ದಾಳೆ ಸರ್, ಆದ್ರೆ ಅವಳಿಗೆ ಪರೀಕ್ಷೆ" ಅಂದರು. ಆ ಸಾಲನ್ನು "ಐ ಆ್ಯಮ್ ದಿ ಓನ್ಲಿ ಪರ್ಸನ್ ಅವೈಲಬಲ್ ಟು ಕೇರ್ ಫಾರ್ ಹರ್" ಅಂತ ಬದಲಾಯಿಸಿದೆ. ಮನೆಯಲ್ಲಿ ಯಾರಿದ್ದಾರೆ ಅನ್ನುವ ಮಾತು ಬಿಟ್ಟುಹೋಯಿತು, ನಿಜವೂ ಉಳಿಯಿತು. ಕನ್ನಡ ಪ್ರತಿಯಲ್ಲೂ ಅದೇ ತರಹ ತಿದ್ದಿಸಿ, ಎರಡನ್ನೂ ಒಟ್ಟಿಗೆ ಪಿನ್ ಮಾಡಿ ಅವರ ಕೈಗೆ ಕೊಟ್ಟೆ.