ಮಣಿಕಟ್ಟು ಬಗ್ಗಿದರೆ ಹಿಡಿತ ಏಕೆ ಸೋಲುತ್ತದೆ? ಮನೆಯಲ್ಲೇ ಅಳೆದು ನೋಡಿ

ಸ್ನಾಯುವಿನ ಬಲ ಯಾವ ಕೋನದಲ್ಲಿ ಜಾಸ್ತಿ ಎಂದು ತಿಳಿಯಲು ಶಿವಮೊಗ್ಗದ ಜಿಮ್‌ಗಳಲ್ಲಿ ಹುಡುಗರು ಡಂಬೆಲ್ ಹಿಡಿದು ಮೊಣಕೈ ಮಡಚಿ ನೋಡುತ್ತಾರೆ. ಅದರಿಂದ ಸರಿಯಾದ ಉತ್ತರ ಸಿಗುವುದಿಲ್ಲ. ಮೊಣಕೈ ಮಡಚಿದಂತೆ ಸ್ನಾಯುವಿನ ಉದ್ದದ ಜೊತೆಗೆ ಅದು ಮೂಳೆಯನ್ನು ಎಳೆಯುವಾಗ ಸಿಗುವ ಸನ್ನೆಕೋಲಿನ ಅನುಕೂಲವೂ ಬದಲಾಗುತ್ತದೆ. ಉದ್ದದ ಪರಿಣಾಮವನ್ನಷ್ಟೇ ನೋಡಬೇಕೆಂದರೆ ಬೆರಳುಗಳ ಹಿಡಿತವೇ ಒಳ್ಳೆಯದು. ಬೆರಳು ಮಡಚುವ ಸ್ನಾಯುಗಳು ಮುಂಗೈಯಲ್ಲಿವೆ, ಅವುಗಳ ಹಗ್ಗದಂಥ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಬೆರಳನ್ನು ಹಾಗೇ ಇಟ್ಟು ಮಣಿಕಟ್ಟು ಬಗ್ಗಿಸಿದರೆ ಮುಖ್ಯವಾಗಿ ಬದಲಾಗುವುದು ಉದ್ದ.

ಹಂತ 1: ಮುಳ್ಳಿನ ಗಡಿಯಾರವಿರುವ ಹಳೇ ಬಿಪಿ ಪಟ್ಟಿ ತನ್ನಿ. ಡಿಜಿಟಲ್ ಯಂತ್ರ ಬೇಡ. ಸ್ಪ್ರಿಂಗ್ ಗ್ರಿಪ್ಪರ್ ಕೂಡ ಬೇಡ, ಅದು ಮುಚ್ಚಿತೋ ಇಲ್ಲವೋ ಎಂದಷ್ಟೇ ಹೇಳುತ್ತದೆ.

ಹಂತ 2: ಪಟ್ಟಿಯನ್ನು ತೋಳಿಗಲ್ಲ, ಮುಷ್ಟಿಯಲ್ಲಿ ಹಿಡಿಯುವಂತೆ ಸುರುಳಿ ಸುತ್ತಿ, ಮುಳ್ಳು 20 ಮಿ.ಮೀ. ತೋರಿಸುವ ತನಕ ಗಾಳಿ ತುಂಬಿ.

ಹಂತ 3: ಎಲ್ಲರೂ ಎಡವುವುದು ಇಲ್ಲೇ. ಹೆಬ್ಬೆರಳು ಮೇಲಿರುವಂತೆ ಮುಂಗೈಯನ್ನು ಮೇಜಿನ ಮೇಲಿಡಿ, ಅಂಗೈ ಅಂಚಿನಿಂದ ಹೊರಗಿರಲಿ. ಮೊದಲು ಮಣಿಕಟ್ಟನ್ನು ಕೈಯ ಹಿಂಬದಿಗೆ ಸ್ವಲ್ಪವೇ ಬಾಗಿಸಿ, ಮೂರು ಸೆಕೆಂಡು ಬಿಗಿಯಾಗಿ ಹಿಡಿದು ಓದಿಕೊಳ್ಳಿ. ಒಂದು ನಿಮಿಷ ಬಿಟ್ಟು, ಪೂರ್ತಿ ಅಂಗೈ ಕಡೆಗೆ ಬಗ್ಗಿಸಿ ಹಿಡಿಯಿರಿ. ಬಿಗಿ ಹಿಡಿದ ತಕ್ಷಣ ಮಣಿಕಟ್ಟು ತಾನಾಗಿಯೇ ನೆಟ್ಟಗಾಗಲು ನೋಡುತ್ತದೆ. ನಿಮಗೆ ಅದು ಗೊತ್ತೇ ಆಗುವುದಿಲ್ಲ. ಹಾಗಾಗಿ ಒಬ್ಬರು ಪಕ್ಕದಲ್ಲಿ ನಿಂತು ನೋಡಲೇಬೇಕು, ಜಾರಿದರೆ ಆ ಅಳತೆ ಬಿಟ್ಟುಬಿಡಿ. ಉಸಿರು ಕಟ್ಟಬೇಡಿ. ರಕ್ತದೊತ್ತಡ ಹೆಚ್ಚಿರುವವರು ಇದನ್ನು ಮಾಡುವುದೇ ಬೇಡ.

ಈಗ ಲೆಕ್ಕ. ಮೊದಲ ಓದು 200, ಬಗ್ಗಿಸಿದಾಗ 110 ಎಂದುಕೊಳ್ಳಿ. ಎರಡರಿಂದಲೂ 20 ಕಳೆದರೆ 180 ಮತ್ತು 90. ಹಿಡಿತ ಅರ್ಧಕ್ಕೆ ಇಳಿದಿದೆ.

ಕಾರಣ ಸ್ನಾಯುವಿನೊಳಗಿದೆ. ಅಲ್ಲಿ ಸಾರ್ಕೋಮಿಯರ್ ಎಂಬ ಚಿಕ್ಕ ಘಟಕಗಳು ಸಾಲಾಗಿವೆ. ಪ್ರತಿಯೊಂದರಲ್ಲೂ ದಪ್ಪ ಎಳೆಗಳು ತೆಳು ಎಳೆಗಳನ್ನು ಕೊಕ್ಕೆ ಹಾಕಿ ಎಳೆಯುತ್ತವೆ. ಎರಡೂ ಸರಿಯಾಗಿ ಒಂದರ ಮೇಲೊಂದು ಬಂದಾಗ ಹೆಚ್ಚು ಕೊಕ್ಕೆಗಳು ಸಿಗುತ್ತವೆ. 1966ರಲ್ಲಿ ಕಪ್ಪೆಯ ಸ್ನಾಯು ಎಳೆಯಲ್ಲಿ ಅಳೆದಾಗ, ಸಾರ್ಕೋಮಿಯರ್ ಸುಮಾರು 2.0ರಿಂದ 2.2 ಮೈಕ್ರೋಮೀಟರ್ ಇದ್ದಾಗ ಪೂರ್ಣ ಬಲ ಸಿಕ್ಕಿತು. ಸುಮಾರು 3.6ಕ್ಕೆ ಹಿಗ್ಗಿದಾಗ ಕೊಕ್ಕೆ ಹಾಕಲು ಜಾಗವೇ ಉಳಿಯದೆ ಬಲ ಹೋಯಿತು. ಮಣಿಕಟ್ಟು ಒಳಗೆ ಬಗ್ಗಿದಾಗ ಆಗುವುದು ಇದರ ಉಲ್ಟಾ. ಸ್ನಾಯು ತೀರಾ ಗಿಡ್ಡವಾಗಿ ತೆಳು ಎಳೆಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಮುಂಗೈಯ ಹಿಂಬದಿಯ ಸ್ನಾಯುಗಳೂ ಆಗ ಬಿಗಿದು ಬೆರಳುಗಳನ್ನು ಬಿಚ್ಚಲು ಎಳೆಯುವುದರಿಂದ, ಇಳಿದ ಬಲದ ಒಂದಷ್ಟು ಪಾಲು ಅವುಗಳದ್ದು.

ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ಕೈ ಬೇಗ ಸೋಲುತ್ತಿದ್ದರೆ ಮೊದಲು ಮಣಿಕಟ್ಟು ನೋಡಿಕೊಳ್ಳಿ. ಒಳಗೆ ಬಗ್ಗಿದ್ದರೆ ಕೂರುವ ಮಣೆಯ ಎತ್ತರ ಬದಲಿಸಿ, ಅದು ನೆಟ್ಟಗಾಗುವ ತನಕ.