ದ್ರಾಕ್ಷಿಯನ್ನು ತಣಿಸುವುದು ಹೇಗೆ? ಕೋಲ್ಡ್ ರೂಮಿನ ಮೊದಲ ಆರು ಗಂಟೆ

ಕಳೆದ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದ ಸಮೀಪದ ಬೆಳೆಗಾರರ ಗುಂಪೊಂದು ಎರಡು ಟನ್ ದಿಲ್‌ಖುಷ್ ದ್ರಾಕ್ಷಿಯನ್ನು ಮಧ್ಯಾಹ್ನದ ಹೊತ್ತಿಗೆ ಹೊಸ ಕೋಲ್ಡ್ ರೂಮಿನೊಳಗೆ ಒತ್ತೊತ್ತಾಗಿ ಪೇರಿಸಿ ಬಾಗಿಲು ಹಾಕಿತು. ಸಂಜೆಯ ವೇಳೆಗೆ ಗೋಡೆಯ ಮೀಟರು 1 ಡಿಗ್ರಿ ತೋರಿಸುತ್ತಿದ್ದುದರಿಂದ ಎಲ್ಲರೂ ನಿಶ್ಚಿಂತರಾಗಿದ್ದರು. ಮರುದಿನ ಬೆಳಿಗ್ಗೆ ನಾನು ನಡುವಿನ ಕ್ರೇಟೊಂದರಿಂದ ಕಾಯಿ ತೆಗೆದು ಸೂಜಿ ಥರ್ಮಾಮೀಟರ್ ಚುಚ್ಚಿದಾಗ ಅದರಲ್ಲಿ ಬಂದದ್ದು 17 ಡಿಗ್ರಿ. ಆ ಹಣ್ಣು ನಾಲ್ಕನೆಯ ದಿನ ದೂರದ ಮಂಡಿ ತಲುಪಿದಾಗ ತೊಟ್ಟುಗಳು ಕಂದಿಹೋಗಿದ್ದವು, ಗೊಂಚಲನ್ನು ಎತ್ತಿ ಹಿಡಿದರೆ ಕಾಯಿಗಳು ಉದುರುತ್ತಿದ್ದವು.

ಮೀಟರು ತೋರಿಸುವುದು ಗಾಳಿಯ ಉಷ್ಣಾಂಶವನ್ನು. ಹಣ್ಣು ತೋಟದಿಂದ ಹೊತ್ತು ತಂದ ಬಿಸಿಯು, ಗಾಳಿ ತಾಗದ ರಾಶಿಯ ನಡುವಿನಲ್ಲಿ ಹಾಗೆಯೇ ಉಳಿದಿರುತ್ತದೆ. ಹಣ್ಣು ಬಿಸಿಯಾಗಿದ್ದಷ್ಟೂ ಅದರ ಉಸಿರಾಟ ಹೆಚ್ಚು, ಅದರಿಂದ ಆರಿಹೋಗುವ ನೀರೂ ಹೆಚ್ಚು. ದ್ರಾಕ್ಷಿಯಲ್ಲಿ ಆ ನೀರು ಮೊದಲು ಹೋಗುವುದು ತೊಟ್ಟಿನಿಂದ. ತೂಕದಲ್ಲಿ ನೂರಕ್ಕೆ ಎರಡು ಪಾಲು ಕಡಿಮೆಯಾಗುವಷ್ಟರಲ್ಲೇ ತೊಟ್ಟು ಕಂದತೊಡಗುತ್ತದೆ, ಕಾಯಿ ಎಷ್ಟೇ ಗಟ್ಟಿಯಾಗಿದ್ದರೂ ಕೊಳ್ಳುವವನು ಅದನ್ನು ಹಳೆಯ ಮಾಲೆಂದೇ ಎಣಿಸುತ್ತಾನೆ. ಆದ್ದರಿಂದ ಶೇಖರಿಸುವ ಮೊದಲು ಹಣ್ಣನ್ನು ವೇಗವಾಗಿ ತಣಿಸುವ ಕೆಲಸ, ಅಂದರೆ ಪ್ರೀಕೂಲಿಂಗ್, ಪ್ರತ್ಯೇಕವಾಗಿಯೇ ನಡೆಯಬೇಕು.

ಕೊಯ್ಲಿನ ವಿಚಾರ ಸರಳ: ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಆರಂಭಿಸಿ, ಬಿಸಿಲೇರುವ ಮೊದಲೇ ಮುಗಿಸಿ, ತುಂಬಿದ ಕ್ರೇಟುಗಳನ್ನು ಚಪ್ಪರದ ನೆರಳಿನಲ್ಲಿಯೇ ಇಡಬೇಕು. ಒಡೆದ ಮತ್ತು ಕೊಳೆತ ಕಾಯಿಗಳನ್ನು ಕತ್ತರಿಸಿ ತೆಗೆಯಬೇಕು, ಹಣ್ಣನ್ನು ತೊಳೆಯಬಾರದು.

ತುಂಬುವಾಗ ಒಂದು ಎಚ್ಚರಿಕೆ. ನಮ್ಮ ಕಡೆ ಕ್ರೇಟಿನ ತಳಕ್ಕೂ ಬದಿಗಳಿಗೂ ಹಳೆಯ ದಿನಪತ್ರಿಕೆ ಹಾಸುವುದು ರೂಢಿಯಾಗಿದೆ. ಬದಿಯ ರಂಧ್ರಗಳನ್ನು ಕಾಗದ ಮುಚ್ಚಿಬಿಟ್ಟರೆ ಮುಂದೆ ಎಷ್ಟು ದೊಡ್ಡ ಯಂತ್ರವಿದ್ದರೂ ಗಾಳಿ ಒಳಹೋಗುವ ದಾರಿಯೇ ಇರುವುದಿಲ್ಲ. ಹಾಸಲೇಬೇಕೆಂದಿದ್ದರೆ ತಳಕ್ಕೆ ಮಾತ್ರ ಹಾಸಿ. ಹತ್ತು ಕಿಲೋ ಹಿಡಿಯುವ, ಬದಿಗಳಲ್ಲಿ ಧಾರಾಳವಾಗಿ ರಂಧ್ರಗಳಿರುವ, ಆಳ ಕಡಿಮೆಯಿರುವ ಕ್ರೇಟನ್ನೇ ಕೊಳ್ಳಿ. ಇಪ್ಪತ್ತು ಕಿಲೋದ ಆಳವಾದ ಕ್ರೇಟಿನಲ್ಲಿ ತಳದ ಗೊಂಚಲು ನಜ್ಜಾಗುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಇನ್ನು ಎಲ್ಲರೂ ಎಡವುವ ಹಂತ. ಎರಡು ಟನ್ನಿಗೆ ಇಂಥ ಇನ್ನೂರು ಕ್ರೇಟುಗಳಾಗುತ್ತವೆ. ಇವುಗಳನ್ನು ಎರಡು ಸಾಲುಗಳಾಗಿ, ಪ್ರತಿ ಸಾಲಿನಲ್ಲಿ ಉದ್ದಕ್ಕೆ ಹತ್ತು, ಎತ್ತರಕ್ಕೆ ಹತ್ತು ಬರುವಂತೆ ನಿಲ್ಲಿಸಿ. ಸಾಲುಗಳ ನಡುವೆ ಎರಡು ಅಡಿಯ ಓಣಿ ಇರಲಿ. ಓಣಿಯ ಒಂದು ತುದಿಗೆ ಫ್ಯಾನು ಕೂರಿಸಿದ ಹಲಗೆಯನ್ನು ಒತ್ತಿ ನಿಲ್ಲಿಸಿ, ಓಣಿಯ ಮೇಲ್ಭಾಗವನ್ನೂ ಇನ್ನೊಂದು ತುದಿಯನ್ನೂ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ. ಫ್ಯಾನು ಓಣಿಯಿಂದ ಗಾಳಿಯನ್ನು ಹೊರಕ್ಕೆ ಎಳೆಯುವಂತಿರಬೇಕು. ಆಗ ಕೋಣೆಯ ತಣ್ಣನೆಯ ಗಾಳಿಗೆ ಕ್ರೇಟುಗಳ ರಂಧ್ರಗಳ ಮೂಲಕ, ಗೊಂಚಲುಗಳ ನಡುವಿನಿಂದಲೇ ಓಣಿ ಸೇರದೆ ಬೇರೆ ದಾರಿ ಇರುವುದಿಲ್ಲ. ಪ್ರತಿ ಕಿಲೋ ಹಣ್ಣಿಗೆ ಸೆಕೆಂಡಿಗೆ ಒಂದು ಲೀಟರಿನಷ್ಟು ಗಾಳಿ ಬೇಕೆಂಬುದು ರೂಢಿಯ ಲೆಕ್ಕ, ಎಂದರೆ ಇಲ್ಲಿ ಎರಡು ಸಾವಿರ ಲೀಟರು. ರಾಶಿಯ ಎದುರೊತ್ತಡವನ್ನು ಮೀರಿ ಅಷ್ಟು ಗಾಳಿ ಎಳೆಯುವ ಫ್ಯಾನನ್ನೇ ಕೇಳಿ ಪಡೆಯಬೇಕು. ಗೋಡೆಗೆ ಹಾಕುವ ಸಾಧಾರಣ ಎಕ್ಸಾಸ್ಟ್ ಫ್ಯಾನನ್ನು ಅಗ್ಗಕ್ಕೆ ತಂದು ಕೂರಿಸಿದವರ ಕೋಣೆಯಲ್ಲಿ ರೆಕ್ಕೆ ತಿರುಗುತ್ತದೆ, ಗಾಳಿ ಮಾತ್ರ ಕ್ರೇಟನ್ನು ದಾಟುವುದಿಲ್ಲ.

ಬಿಗಿತವನ್ನು ಪರೀಕ್ಷಿಸಲು ಒಂದು ಊದುಬತ್ತಿ ಸಾಕು. ಸಾಲಿನ ಹೊರಬದಿಯ ಕ್ರೇಟಿನ ಮುಂದೆ ಹಿಡಿದಾಗ ಹೊಗೆ ನೇರವಾಗಿ ರಂಧ್ರದೊಳಕ್ಕೆ ಹೋಗಬೇಕು. ಟಾರ್ಪಾಲಿನ ಅಂಚಿಗೋ ನೆಲದ ಸಂದಿಗೋ ಹೊಗೆ ಓಡಿದರೆ ಗಾಳಿ ಅಡ್ಡದಾರಿ ಹಿಡಿದಿದೆ ಎಂದರ್ಥ. ಆ ಸಂದಿಯನ್ನು ಥರ್ಮಾಕೋಲಿನಿಂದಲೋ ಗೋಣಿಚೀಲದಿಂದಲೋ ತುಂಬಿಸಿ.

ಈಗ ಸಮಯದ ಲೆಕ್ಕ. ಕಾಯಿ 29 ಡಿಗ್ರಿ, ಗಾಳಿ 1 ಡಿಗ್ರಿ ಇದ್ದರೆ ಅಂತರ 28. ಈ ಅಂತರ ಅರ್ಧಕ್ಕೆ ಇಳಿಯಲು ಎರಡು ಗಂಟೆ ಬೇಕಾದರೆ, ಉಳಿದುದರ ಅರ್ಧ ಇಳಿಯಲೂ ಮತ್ತೆ ಎರಡು ಗಂಟೆಯೇ ಬೇಕಾಗುತ್ತದೆ. ಹೀಗೆ ಎರಡು ಗಂಟೆಗೆ 15, ನಾಲ್ಕಕ್ಕೆ 8, ಆರಕ್ಕೆ ನಾಲ್ಕೂವರೆ ಡಿಗ್ರಿ. ಅಷ್ಟಕ್ಕೆ ಎಂಟರಲ್ಲಿ ಏಳು ಪಾಲು ಬಿಸಿ ಹೋಗಿರುತ್ತದೆ, ಫ್ಯಾನನ್ನು ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ತಣ್ಣಗಾಗಲೆಂದು ರಾತ್ರಿಯಿಡೀ ಓಡಿಸಿದರೆ ಅದೇ ಗಾಳಿ ತೊಟ್ಟುಗಳನ್ನು ಒಣಗಿಸುತ್ತದೆ. ನಿಲ್ಲಿಸುವ ಮೊದಲು ಥರ್ಮಾಮೀಟರನ್ನು ಓಣಿಯ ಕಡೆಯ ಕಾಯಿಗಳಿಗೆ, ಬೇರೆ ಬೇರೆ ಎತ್ತರಗಳಲ್ಲಿ ಚುಚ್ಚಿ ನೋಡಿ, ಏಕೆಂದರೆ ಹಣ್ಣಿನ ಬಿಸಿ ಹೀರಿದ ಗಾಳಿ ತಲುಪುವ ಆ ಭಾಗವೇ ಕೊನೆಗೆ ತಣಿಯುವುದು.

ಯಂತ್ರ ಕೊಳ್ಳುವಾಗ ಜನ ಮೋಸಹೋಗುವುದು ಇದೇ ಲೆಕ್ಕದಲ್ಲಿ. ಆರು ಗಂಟೆಗಳ ಸರಾಸರಿ ತೆಗೆದರೆ ಎರಡೂವರೆ ಟನ್ ಶೈತ್ಯ ಸಾಮರ್ಥ್ಯ ಸಾಕೆಂದು ಕಾಣುತ್ತದೆ. ಈ ಟನ್ ಹಣ್ಣಿನ ತೂಕವಲ್ಲ, ಯಂತ್ರ ಬಿಸಿಯನ್ನು ಹೊರಹಾಕುವ ವೇಗದ ಅಳತೆ. ಆದರೆ ಮೊದಲ ಎರಡು ಗಂಟೆಗಳಲ್ಲಿಯೇ ಹಣ್ಣು 14 ಡಿಗ್ರಿ ಬಿಸಿಯನ್ನು ಹೊರಹಾಕುತ್ತದೆ, ಆ ಹೊತ್ತಿಗೆ ಬೇಕಾಗುವುದು ನಾಲ್ಕು ಟನ್ನಿಗೂ ಮೇಲೆ. ಫ್ಯಾನಿನ ಬಿಸಿ ಮತ್ತು ಬಾಗಿಲಿನಿಂದ ನುಗ್ಗುವ ಬಿಸಿ ಸೇರಿಸಿ ಐದು ಟನ್ನಿಗೆ ಕಡಿಮೆಯಾದ ಯಂತ್ರವನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಗುಂಪಿಗೆ ಯಂತ್ರ ಮಾರಿದವರು ಹಣ್ಣನ್ನು ಇಟ್ಟುಕೊಳ್ಳುವ ಲೆಕ್ಕದಲ್ಲಿ ಎರಡು ಟನ್ನಿನದನ್ನು ಕೊಟ್ಟು ಹೋಗಿದ್ದರು. ಮನೆಯ ಏಸಿಯನ್ನು ಮಾರ್ಪಡಿಸಿ ಕೂರಿಸುವ ಅಡ್ಡದಾರಿಯೂ ಈ ಕೆಲಸಕ್ಕೆ ಒದಗದು. 12 ಡಿಗ್ರಿಯ ಆಸುಪಾಸಿನಲ್ಲಿ ಟೊಮೆಟೊ ಇಟ್ಟುಕೊಳ್ಳುವವರಿಗೆ ಅದು ಆದೀತು. ಕೋಲಾರದ ಕಡೆಯವರು ಟೊಮೆಟೊವನ್ನು ದ್ರಾಕ್ಷಿಯ ಕೋಣೆಗೇ ತುರುಕುವುದನ್ನೂ ಕಂಡಿದ್ದೇನೆ. 10 ಡಿಗ್ರಿಗಿಂತ ಕೆಳಗೆ ಕೆಲವು ದಿನ ಇದ್ದ ಕಾಯಿ ಟೊಮೆಟೊ ಹೊರಬಂದ ಮೇಲೆ ಸರಿಯಾಗಿ ಕೆಂಪಾಗದೆ ಕೊಳೆಯುತ್ತದೆ.

ತಣಿದ ಮೇಲಷ್ಟೇ ಬೂಷ್ಟು ತಡೆಯುವ ಸಲ್ಫರ್ ಡೈಆಕ್ಸೈಡ್ ಹಾಳೆಯನ್ನು ಗೊಂಚಲುಗಳ ಮೇಲಿಟ್ಟು ಪ್ಲಾಸ್ಟಿಕ್ ಹೊದಿಕೆಯನ್ನು ಮುಚ್ಚಬೇಕು. ಬಿಸಿ ಹಣ್ಣಿನ ಮೇಲೆ ಮುಚ್ಚಿದರೆ ಹೊದಿಕೆಯೊಳಗೆ ಹನಿಗಟ್ಟುತ್ತದೆ, ತೇವ ತಾಗಿದ ಹಾಳೆ ತನ್ನ ಅನಿಲವನ್ನೆಲ್ಲ ಒಮ್ಮೆಲೇ ಬಿಟ್ಟುಬಿಡುತ್ತದೆ, ಆಗ ತೊಟ್ಟಿನ ಬುಡದಲ್ಲಿ ಕಾಯಿ ಬಿಳಚಿ ಗುಳಿಬೀಳುತ್ತದೆ. ಶೇಖರಣೆಯನ್ನು 0 ಡಿಗ್ರಿಯ ಹತ್ತಿರ, 90ರಿಂದ 95ರಷ್ಟು ತೇವಾಂಶದಲ್ಲಿ ಮಾಡಿ.

ಶೈತ್ಯ ಲಾರಿ ಹಣ್ಣನ್ನು ತಣಿಸುವುದಿಲ್ಲ, ತಣಿದುದನ್ನು ಕಾಯುತ್ತದೆ, ಆದ್ದರಿಂದ ತುಂಬುವ ಮೊದಲೇ ಅದರ ಒಳಭಾಗ ತಣ್ಣಗಿರಲಿ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಅದೇ ದಿನ ಮಾರುವ ಹಣ್ಣಿಗೆ ಇಷ್ಟೆಲ್ಲ ಖರ್ಚು ಬೇಡವೆಂದೇ ನನ್ನ ಸಲಹೆ. ತಣಿಸಿದ ದ್ರಾಕ್ಷಿಯನ್ನು ತೆರೆದ ಲಾರಿಗೆ ಏರಿಸಿದರೆ ಅರ್ಧ ಗಂಟೆಯೊಳಗೆ ಕಾಯಿಗಳ ಮೇಲೆ ನೀರು ಕೂರುತ್ತದೆ, ಬೂಷ್ಟು ಹಿಡಿಯುವುದು ಆ ನೀರಿನಲ್ಲಿಯೇ. ಅಂಥ ಮಾಲಿಗೆ ಬೆಳಗಿನ ಕೊಯ್ಲು, ನೆರಳು ಮತ್ತು ರಾತ್ರಿಯ ಪ್ರಯಾಣ ಸಾಕು.