ಮನೆಯೊಳಗೇ ಬೆಳೆದ ಬೆಕ್ಕು ಕಾಣದಿದ್ದರೆ, ರಾತ್ರಿ ಟಾರ್ಚ್ ಹಿಡಿದು ಹುಡುಕಿ

ಇವತ್ತು ರಾತ್ರಿ ರಸ್ತೆ ಸದ್ದು ಅಡಗಿದ ಮೇಲೆ ಟಾರ್ಚನ್ನು ನಿಮ್ಮ ಕಣ್ಣಿನ ಪಕ್ಕದಲ್ಲೇ, ಕೆನ್ನೆಗೆ ತಾಗುವಂತೆ ಹಿಡಿದು ಹುಡುಕಿ. ಬೆಕ್ಕಿನ ಕಣ್ಣಿನ ಹಿಂಭಾಗದಲ್ಲಿ ಕನ್ನಡಿಯಂಥ ಪದರ ಇದೆ. ಅದು ಬೆಳಕನ್ನು ಬಂದ ದಿಕ್ಕಿಗೇ ವಾಪಸ್ ಕಳಿಸುತ್ತದೆ. ಹಾಗಾಗಿ ಟಾರ್ಚ್ ಸೊಂಟದ ಹತ್ತಿರ ಇದ್ದರೆ ಆ ಹೊಳಪು ನಿಮ್ಮ ಕಣ್ಣಿಗೆ ಸರಿಯಾಗಿ ಬೀಳೋದಿಲ್ಲ. ಹೊರಗೆ ಓಡಾಡಿ ಗೊತ್ತಿಲ್ಲದ ಬೆಕ್ಕು ಸಾಮಾನ್ಯವಾಗಿ ದೂರ ಹೋಗೋದಿಲ್ಲ, ಎರಡು ಮೂರು ಮನೆ ಆಚೆ ಎಲ್ಲೋ ಮುದುಡಿ ಕೂತಿರುತ್ತದೆ. ಹೆದರಿದಾಗ ನೀವು ಕರೆದರೂ ಓಗೊಡೋದಿಲ್ಲ, ಅದಕ್ಕೇ ಕಿವಿಗಿಂತ ಕಣ್ಣನ್ನು ನಂಬಿ. ಬಗ್ಗಿ ನೋಡಿ: ನಿಂತ ಕಾರಿನ ಅಡಿ, ಮೆಟ್ಟಿಲ ಕೆಳಗೆ, ನೀರಿನ ಟ್ಯಾಂಕಿನ ಹಿಂದಿನ ಸಂದು. ಹಸಿರು ಹಳದಿ ಬಣ್ಣದ ಎರಡು ಚುಕ್ಕಿ ಹೊಳೆದರೆ ಹತ್ತಿರ ಓಡಬೇಡಿ. ಬೆಳಕು ಪಕ್ಕಕ್ಕೆ ತಿರುಗಿಸಿ, ನೆಲದ ಮೇಲೆ ಕೂತು, ಅದು ದಿನಾ ತಿನ್ನುವ ಊಟದ ಡಬ್ಬಿ ತೆರೆಯಿರಿ. ಕಣ್ಣು ಮುಚ್ಚಿದ್ದರೆ ಅಥವಾ ಮುಖ ಆಚೆ ತಿರುಗಿಸಿದ್ದರೆ ಏನೂ ಕಾಣೋದಿಲ್ಲ, ಹಾಗಾಗಿ ಅದೇ ಜಾಗವನ್ನು ಬೆಳಗಿನ ಜಾವ ಇನ್ನೊಮ್ಮೆ ನೋಡಿ. ಬೀಗ ಹಾಕಿದ ಶೆಡ್ಡು, ಗ್ಯಾರೇಜಿಗೆ ಈ ಉಪಾಯ ನಡೆಯೋದಿಲ್ಲ. ಪಕ್ಕದ ಮನೆಯವರನ್ನು ಕೇಳಿ ಬಾಗಿಲು ತೆಗೆಸಲೇಬೇಕು.